ಲಾಸ್ ಆದಮೇಲೆ ಲಾಟ್ ಡಬಲ್: ಅಕೌಂಟ್ ಯಾಕೆ ಖಾಲಿಯಾಯಿತು ಎಂದು ಟ್ರೇಡ್‌ಬುಕ್‌ನಲ್ಲೇ ಪತ್ತೆ ಹಚ್ಚುವ ಬಗೆ

ವಿಜಯಪುರದಲ್ಲಿ ತೆರಿಗೆ ಲೆಕ್ಕ ಬರೆಯುವ ಕೆಲಸ ನನ್ನದು. ರಿಟರ್ನ್ ತುಂಬುವ ಕಾಲ ಬಂದರೆ ಆಪ್ಷನ್ಸ್ ಟ್ರೇಡಿಂಗ್ ಮಾಡಿದವರ ಸ್ಟೇಟ್‌ಮೆಂಟ್‌ಗಳು ಮೇಜಿನ ಮೇಲೆ ಬೀಳುತ್ತವೆ. ಅದರಲ್ಲಿ ಒಂದು ನಮೂನೆ ಪದೇ ಪದೇ ಕಾಣಿಸುತ್ತದೆ. ವಾರಗಟ್ಟಲೆ ಸಣ್ಣ ಸಣ್ಣ ಲಾಭ, ಆಮೇಲೆ ಒಂದೇ ದಿನ ಎಲ್ಲ ನೆಲಸಮ. ಕೇಳಿದರೆ "ಆ ದಿನಾ ಒಂದ್ ಕೆಟ್ಟಿತ್ತರಿ ಸರ, ಇಲ್ಲಾಂದ್ರ ಸಿಸ್ಟಮ್ ಚಲೋನ ಐತಿ" ಅನ್ನುತ್ತಾರೆ.

ದೋಷ ಆ ದಿನದ್ದಲ್ಲ. ಸೋತಾಗ ಲಾಟ್ ಡಬಲ್ ಮಾಡುವ ಪದ್ಧತಿಯದ್ದು. ಇದಕ್ಕೆ ಮಾರ್ಟಿಂಗೇಲ್ ಎಂದು ಹೆಸರು, 18ನೇ ಶತಮಾನದ ಫ್ರಾನ್ಸ್‌ನ ಜೂಜಿನಿಂದ ಬಂದದ್ದು. ಒಂದು ರೂಪಾಯಿ ಸೋತರೆ ಮುಂದಿನ ಆಟಕ್ಕೆ ಎರಡು, ಮತ್ತೆ ಸೋತರೆ ನಾಲ್ಕು. ಒಂದು ಸಲ ಗೆದ್ದರೆ ಹಿಂದಿನದೆಲ್ಲ ವಾಪಸ್ ಬಂದು ಮೇಲೆ ಒಂದು ರೂಪಾಯಿ ಲಾಭ. ಹೆಸರು ಗೊತ್ತಿಲ್ಲದೆಯೇ ಇದನ್ನು ಮಾಡುವವರು ಬಹಳ ಜನ. "ರಿಕವರಿ" ಅನ್ನುತ್ತಾರೆ, ಅಷ್ಟೇ. ನಿಮ್ಮ ಅಕೌಂಟ್‌ನಲ್ಲೂ ಇದೇ ನಡೆದಿದೆಯಾ ಎಂದು ತಿಳಿಯಲು ಏನೇನು ನೋಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸರಿಯಾದ ಫೈಲ್ ತೆಗೆಯಿರಿ

ಹೆಚ್ಚಿನವರು ಪಿ ಆಂಡ್ ಎಲ್ ಸ್ಟೇಟ್‌ಮೆಂಟ್ ತರುತ್ತಾರೆ. ಅದು ತೆರಿಗೆಗೆ ಸಾಕು, ಈ ದೋಷ ಹಿಡಿಯಲು ಸಾಲದು. ಅದರಲ್ಲಿ ಒಂದು ಕಾಂಟ್ರ್ಯಾಕ್ಟ್‌ನ ಎಲ್ಲ ಖರೀದಿ, ಎಲ್ಲ ಮಾರಾಟ ಒಂದೇ ಸಾಲಿನಲ್ಲಿ ಕೂಡಿಬಿಟ್ಟಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಅಳಿಸಿಹೋಗಿರುತ್ತದೆ. ಈ ರೋಗ ಇರುವುದೇ ಆ ಕ್ರಮದಲ್ಲಿ.

ಬೇಕಾದದ್ದು ಟ್ರೇಡ್‌ಬುಕ್. ಬ್ರೋಕರ್ ಸೈಟ್‌ನ ರಿಪೋರ್ಟ್ಸ್ ವಿಭಾಗದಲ್ಲಿ ಸಿಗುತ್ತದೆ, ಪ್ರತಿ ಆರ್ಡರ್‌ನ ಸಮಯ ಇರುತ್ತದೆ. ಒಂದು ತೊಡಕಿದೆ. ದೊಡ್ಡ ಆರ್ಡರ್ ಒಂದೇ ಸಲ ಪೂರ್ತಿ ಆಗುವುದಿಲ್ಲ, ತುಂಡು ತುಂಡಾಗಿ ಹತ್ತಾರು ಸಾಲುಗಳಲ್ಲಿ ಬರುತ್ತದೆ. ಆರ್ಡರ್ ಐಡಿ ನೋಡಿ ಅವನ್ನು ಕೂಡಿಸಿ. ಆಮೇಲೆ ಒಂದು ಟ್ರೇಡ್‌ಗೆ, ಅಂದರೆ ಕೊಂಡು ಮಾರಿ ಮುಗಿಸಿದ್ದಕ್ಕೆ, ಒಂದೇ ಸಾಲು ಬರೋ ಹಾಗೆ ಹೊಸ ಶೀಟ್ ಮಾಡಿ. ಮೂರು ಕಾಲಂ ಸಾಕು: A ಪ್ರವೇಶದ ಸಮಯ, B ಕ್ವಾಂಟಿಟಿ, C ಲಾಭ ಅಥವಾ ನಷ್ಟ. ಬೇಸರದ ಕೆಲಸ ನಿಜ. ಆದರೆ ಇದನ್ನು ಮಾಡದೆ ಮುಂದಿನದ್ಯಾವುದೂ ಆಗುವುದಿಲ್ಲ.

ಪರೀಕ್ಷೆ: ಸೋತ ಮೇಲೆ ಕ್ವಾಂಟಿಟಿ ಏನಾಗುತ್ತದೆ?

ಮೂರನೇ ಸಾಲಿನಿಂದ D ಕಾಲಂನಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆಯಿರಿ. ಕೊನೆಗೆ ಅದರ ಮೀಡಿಯನ್ ತೆಗೆಯಿರಿ. 60ರ ಜಾಗದಲ್ಲಿ ನಿಮ್ಮ ಕೊನೆಯ ಸಾಲಿನ ಸಂಖ್ಯೆ ಹಾಕಿಕೊಳ್ಳಿ.

```
=IF(C2<0, B3/B2, "")
=MEDIAN(D3:D60)
```

ಹಿಂದಿನ ಟ್ರೇಡ್ ಸೋತಿದ್ದರೆ ಮುಂದಿನದರ ಕ್ವಾಂಟಿಟಿ ಎಷ್ಟು ಪಟ್ಟು ಆಗಿದೆ ಎಂದು ಇದು ತೋರಿಸುತ್ತದೆ. ಉತ್ತರ 1 ಬಂದರೆ ನೀವು ಡಬಲ್ ಮಾಡುವವರಲ್ಲ, ದೋಷ ಬೇರೆ ಕಡೆ ಇದೆ. 2 ಅಥವಾ ಅದರ ಆಸುಪಾಸು ಬಂದರೆ ಇದೇ ರೋಗ. ಒಂದೂವರೆ ಬಂದರೂ ಅದೇ ಜಾತಿ, ವೇಗ ಸ್ವಲ್ಪ ಕಡಿಮೆ.

ಈ ಸೂತ್ರಕ್ಕೆ ಸಿಗದ ಒಂದು ವೇಷ ಇದೆ, ಆವರೇಜಿಂಗ್. ಅಲ್ಲಿ ಸೋತ ಟ್ರೇಡನ್ನು ಮುಚ್ಚುವುದೇ ಇಲ್ಲ. ಬೆಲೆ ಇಳಿದ ಹಾಗೆ ಅದೇ ಕಾಂಟ್ರ್ಯಾಕ್ಟ್ ಇನ್ನಷ್ಟು ಕೊಳ್ಳುತ್ತಾ ಹೋಗುತ್ತಾರೆ. ಶೀಟ್‌ನಲ್ಲಿ ಅದು ಒಂದೇ ದೊಡ್ಡ ಟ್ರೇಡ್ ಆಗಿ ಕೂತಿರುತ್ತದೆ. ಹಾಗಾಗಿ ಮೂಲ ಟ್ರೇಡ್‌ಬುಕ್‌ನಲ್ಲಿ ಮಧ್ಯೆ ಮಾರಾಟವೇ ಇಲ್ಲದೆ ಸಾಲಾಗಿ ಖರೀದಿ, ಅದೂ ಕ್ವಾಂಟಿಟಿ ಏರುತ್ತಾ ಹೋಗಿದೆಯಾ ಎಂದು ಕಣ್ಣಿಂದಲೇ ನೋಡಿ. ಹೋಗಿದ್ದರೆ ಒಳಗಿನ ಗಣಿತ ಇದೇ.

ಒಂದು ಕೇಸ್

ತಿಕೋಟಾ ಕಡೆಯ ಹುಡುಗ. ಮನೆಯಲ್ಲಿ ದ್ರಾಕ್ಷಿ ತೋಟ. ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ 3 ಲಕ್ಷ ಅಕೌಂಟ್‌ಗೆ ಹಾಕಿದ್ದ. 2025ರ ಕೊನೆಯ ತಿಂಗಳುಗಳ ಮಾತು. ಆಗ ನಿಫ್ಟಿ ಲಾಟ್ 75 ಇತ್ತು. ಈಗ ಲಾಟ್ ಬೇರೆ ಇರಬಹುದು, ಲೆಕ್ಕದ ದಾರಿ ಬದಲಾಗುವುದಿಲ್ಲ.

ಅವನ ನಿಯಮ ಸರಳ. ಸುಮಾರು 120 ರೂಪಾಯಿ ಪ್ರೀಮಿಯಂನ ನಿಫ್ಟಿ ಆಪ್ಷನ್ ಒಂದು ಲಾಟ್ ಕೊಳ್ಳುವುದು. 20 ಪಾಯಿಂಟ್ ಟಾರ್ಗೆಟ್, 20 ಪಾಯಿಂಟ್ ಸ್ಟಾಪ್‌ಲಾಸ್. ಸೋತರೆ ಮುಂದಿನದು ಎರಡು ಲಾಟ್, ಆಮೇಲೆ ನಾಲ್ಕು, ಎಂಟು, ಹದಿನಾರು. ಗೆದ್ದ ಕೂಡಲೇ ಮತ್ತೆ ಒಂದಕ್ಕೆ. ಒಂದು ಗೆಲುವು ಬರುವವರೆಗಿನ ಈ ಓಟವನ್ನು ಒಂದು ಸುತ್ತು ಅನ್ನೋಣ.

"ಎಷ್ಟ್ ಸಲಾ ಅಂತ ಸೋಲತೈತಿ ಸರ? ಒಂದ್ ಸಲಾ ಗೆದ್ರ ಎಲ್ಲಾ ವಾಪಸ್ ಬರತೈತಿ" ಎಂದು ಅವನ ವಾದ. 24 ಸುತ್ತು ಆಗಿತ್ತು, ಒಂದರಲ್ಲೂ ಕೆಟ್ಟಿರಲಿಲ್ಲ. ಅಕೌಂಟ್‌ನಲ್ಲಿ 28,200 ರೂಪಾಯಿ ಲಾಭ. ಮನೆಯವರಿಗೂ ನಂಬಿಕೆ ಬಂದಿತ್ತು.

ಟ್ರೇಡ್‌ಬುಕ್ ಬಿಡಿಸಿ ನೋಡಿದಾಗ ಮೊದಲು ಕಂಡದ್ದು ಸ್ಲಿಪ್ಪೇಜ್. ಅವನು 20 ಗೆಲ್ಲುತ್ತೇನೆ, 20 ಸೋಲುತ್ತೇನೆ ಎಂದು ಲೆಕ್ಕ ಹಾಕಿದ್ದ. ನಿಜವಾಗಿ ಕೈಗೆ ಬಂದದ್ದು ಗೆದ್ದಾಗ 19, ಹೋದದ್ದು ಸೋತಾಗ 21. ಕೊಳ್ಳುವಾಗ ಅರ್ಧ, ಮಾರುವಾಗ ಅರ್ಧ ಪಾಯಿಂಟ್ ಬಿಡ್ ಮತ್ತು ಆಸ್ಕ್ ನಡುವೆ ಹೋಗುತ್ತಿತ್ತು. ಬ್ರೋಕರೇಜ್, ಎಸ್‌ಟಿಟಿ ಇದರ ಮೇಲೆ ಬೇರೆ, ಅವನ್ನು ಇಲ್ಲಿ ಸೇರಿಸಿಲ್ಲ. ಒಂದೇ ಒಂದು ಪಾಯಿಂಟ್ ಅಲ್ವಾ ಅನಿಸುತ್ತದೆ. ಅದು ಮೆಟ್ಟಿಲು ಮೆಟ್ಟಿಲಿಗೆ ಏನು ಮಾಡುತ್ತದೆ ನೋಡಿ.

ಮೊದಲ ಟ್ರೇಡ್‌ನಲ್ಲೇ ಗೆದ್ದರೆ 19 ಪಾಯಿಂಟ್. ಎರಡನೆಯದರಲ್ಲಿ ಗೆದ್ದರೆ ಎರಡು ಲಾಟ್‌ಗೆ 38 ಬರುತ್ತದೆ, ಹಿಂದಿನ 21 ಕಳೆದರೆ 17 ಉಳಿಯುತ್ತದೆ. ಮೂರನೆಯದರಲ್ಲಿ 13. ನಾಲ್ಕನೆಯದರಲ್ಲಿ 5. ಐದನೆಯದರಲ್ಲಿ 16 ಲಾಟ್ ಹಾಕಿ ಗೆದ್ದರೆ 304 ಪಾಯಿಂಟ್ ಬರುತ್ತದೆ, ಆದರೆ ಅಷ್ಟರಲ್ಲಿ 315 ಹೋಗಿರುತ್ತದೆ. ಅಂದರೆ ಗೆದ್ದರೂ 11 ಪಾಯಿಂಟ್ ನಷ್ಟ. ರೂಪಾಯಿಯಲ್ಲಿ 825 ಕೈಬಿಡುತ್ತದೆ.

ಅವನ 24 ಸುತ್ತಿನಲ್ಲಿ ಇಂಥದ್ದೊಂದು ಇತ್ತು. ನಾಲ್ಕು ಸಲ ಸೋತು ಐದನೆಯದರಲ್ಲಿ ಗೆದ್ದಿದ್ದ. ಆ ಸುತ್ತಿನ ಲೆಕ್ಕ ಮೈನಸ್ 825. ಚಾರ್ಜಸ್ ಇರಬೇಕು ಎಂದು ಬಿಟ್ಟಿದ್ದನಂತೆ. ಕಾಯಿಲೆಯ ಮೊದಲ ಗುರುತು ಅಲ್ಲೇ ಇತ್ತು. ನಿಮ್ಮ ಶೀಟ್‌ನಲ್ಲಿ ಮಾಡಬೇಕಾದ ಎರಡನೇ ಕೆಲಸವೂ ಇದೇ. ಜಾಸ್ತಿ ಮೆಟ್ಟಿಲು ಹತ್ತಿ ಗೆದ್ದ ಸುತ್ತುಗಳನ್ನು ಹುಡುಕಿ, ಪೂರ್ತಿ ಸುತ್ತಿನ ಲಾಭ ಕೂಡಿ ನೋಡಿ.

ಆಮೇಲೆ ಆ ಮಂಗಳವಾರ ಬಂತು. ವಾರದ ಎಕ್ಸ್‌ಪೈರಿ. ಬೆಳಗಿನಿಂದ ಮಾರ್ಕೆಟ್ ಎರಡೂ ಕಡೆ ಸ್ವಲ್ಪ ಸ್ವಲ್ಪ ಆಡಿ ಅಲ್ಲೇ ನಿಂತಿತ್ತು. ಇಂಥ ದಿನ ಕಾಲ್ ಕೊಂಡರೂ ಇಳಿಯುತ್ತದೆ, ಪುಟ್ ಕೊಂಡರೂ ಇಳಿಯುತ್ತದೆ, ಯಾಕೆಂದರೆ ಎಕ್ಸ್‌ಪೈರಿ ದಿನ ಟೈಮ್ ವ್ಯಾಲ್ಯೂ ಗಂಟೆಗಂಟೆಗೆ ಕರಗುತ್ತದೆ. 75, 150, 300, 600, 1200. ಐದೂ ಸ್ಟಾಪ್‌ಲಾಸ್ ಹೊಡೆದವು. ಒಟ್ಟು 31 ಲಾಟ್, ಲಾಟ್‌ಗೆ 21 ಪಾಯಿಂಟ್, 48,825 ರೂಪಾಯಿ.

ಆರನೆಯದಕ್ಕೆ 32 ಲಾಟ್ ಬೇಕು, 2400 ಕ್ವಾಂಟಿಟಿ. 120ರ ಪ್ರೀಮಿಯಂಗೆ 2,88,000 ರೂಪಾಯಿ. ಅಕೌಂಟ್‌ನಲ್ಲಿ ಉಳಿದದ್ದು 2,79,375. ಆರ್ಡರ್ ರಿಜೆಕ್ಟ್ ಆಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಾಳೆಯ ಮೇಲೆ ಅವನು ಹಾಕಿದ್ದ ಲೆಕ್ಕ ಬೇರೆ. ಏಳು ಸಲ ಸತತ ಸೋತರೂ ನಷ್ಟ 2 ಲಕ್ಷದ ಹತ್ತಿರ, ನನ್ನ ಹತ್ತಿರ 3 ಲಕ್ಷ ಇದೆ, ಅಂದರೆ ಏಳು ಸಲ ತಾಳುತ್ತೇನೆ ಎಂದುಕೊಂಡಿದ್ದ. ನಷ್ಟ ತಡೆಯುವ ದುಡ್ಡು ಬೇರೆ, ಮುಂದಿನ ಆರ್ಡರ್ ಹಾಕುವ ದುಡ್ಡು ಬೇರೆ. 20 ಪಾಯಿಂಟ್ ಸೋಲಲು 120 ರೂಪಾಯಿ ಪ್ರೀಮಿಯಂ ಪೂರ್ತಿ ಕಟ್ಟಬೇಕು. ಹಾಗಾಗಿ ನಷ್ಟ ಅಕೌಂಟ್‌ನ ಆರನೇ ಒಂದು ಪಾಲನ್ನೂ ಮುಟ್ಟುವ ಮೊದಲೇ ದಾರಿ ಮುಚ್ಚಿತು.

ಅಲ್ಲಿಗೇ ನಿಲ್ಲಿಸಿದ್ದರೆ ಅಕೌಂಟ್ ಬದುಕುತ್ತಿತ್ತು. ಆದರೆ "ಇನ್ನೊಂದು ಗೆದ್ದರೆ ಎಲ್ಲ ವಾಪಸ್" ಎಂದು ವಾರಗಟ್ಟಲೆ ಮನಸ್ಸಿಗೆ ರೂಢಿ ಮಾಡಿಸಿದವನು ಆ ಕ್ಷಣ ನಿಲ್ಲುವುದು ಬಹಳ ಕಷ್ಟ. ಅವನು ದೂರದ ಸ್ಟ್ರೈಕ್‌ನ ಅಗ್ಗದ ಆಪ್ಷನ್ ಹುಡುಕಿದ. 35 ರೂಪಾಯಿಗೆ 7500 ಕ್ವಾಂಟಿಟಿ. ನಿಫ್ಟಿಗೆ ಒಂದು ಆರ್ಡರ್‌ನಲ್ಲಿ 1800ಕ್ಕಿಂತ ಜಾಸ್ತಿ ಎಕ್ಸ್‌ಚೇಂಜ್ ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಐದು ಆರ್ಡರ್. ಟ್ರೇಡ್‌ಬುಕ್‌ನಲ್ಲಿ ಆ ಐದು ಆರ್ಡರ್‌ಗಳು ನಿಮಿಷದೊಳಗೆ ಒಂದರ ಹಿಂದೆ ಒಂದು ಕೂತಿವೆ. ಸ್ಟಾಪ್‌ಲಾಸ್ ಇಲ್ಲ. 9 ರೂಪಾಯಿಗೆ ಮಾರಿದ. 1,95,000 ಹೋಯಿತು. ಅಕೌಂಟ್‌ನಲ್ಲಿ ಉಳಿದದ್ದು 84,375.

ನೀವು ಎಷ್ಟೇ ಟ್ರೇಡ್‌ಬುಕ್ ತೆಗೆದರೂ ಮಾರ್ಟಿಂಗೇಲ್‌ನ ಕೊನೆಯ ಟ್ರೇಡ್ ಹೆಚ್ಚಾಗಿ ಹೀಗೇ ಇರುತ್ತದೆ. ಅದು ಎರಡು ಪಟ್ಟು ಇರುವುದಿಲ್ಲ, ಆರು, ಎಂಟು ಪಟ್ಟು ಇರುತ್ತದೆ. ಇಲ್ಲಿ 1200ರಿಂದ 7500ಕ್ಕೆ ಹಾರಿದ್ದು 6.25 ಪಟ್ಟು. D ಕಾಲಂನ ಅತಿ ದೊಡ್ಡ ಸಂಖ್ಯೆ ಎಲ್ಲಿದೆಯೋ ಅದೇ ಅಕೌಂಟ್ ಬಿದ್ದ ಜಾಗ.

ದೋಷ ಯಾವುದರದ್ದು? ಒಂದೇ ಲಾಟ್‌ಗೆ ಇಳಿಸಿ ನೋಡಿ

ಈ ಬರಹದಲ್ಲಿ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡ ಪರೀಕ್ಷೆ ಇದು. ಪ್ರತಿ ಟ್ರೇಡನ್ನೂ ಒಂದೇ ಲಾಟ್‌ನಲ್ಲಿ ಮಾಡಿದ್ದರೆ ಏನಾಗುತ್ತಿತ್ತು ಎಂದು E ಕಾಲಂನಲ್ಲಿ ತೆಗೆಯಿರಿ. ಲಾಟ್ ಬೇರೆ ಇದ್ದರೆ 75ರ ಜಾಗದಲ್ಲಿ ಅದನ್ನು ಹಾಕಿ.

```
=C2/B2*75
=SUM(E2:E60)
```

ಹುಡುಗನ ಮೊದಲ 24 ಸುತ್ತಿನಲ್ಲಿ 45 ಟ್ರೇಡ್ ಇದ್ದವು. 24 ಗೆಲುವು, 21 ಸೋಲು. ಒಂದೇ ಲಾಟ್‌ಗೆ ಇಳಿಸಿದರೆ 456 ಪಾಯಿಂಟ್ ಬಂದು 441 ಹೋಗುತ್ತದೆ. ಉಳಿಯುವುದು 15 ಪಾಯಿಂಟ್, 1,125 ರೂಪಾಯಿ. 28,200 ಲಾಭ ತೋರಿಸಿದ್ದ ಸಿಸ್ಟಮ್‌ನಲ್ಲಿ ನಿಜವಾದ ಹುರುಳು ಇದ್ದದ್ದು ಅಷ್ಟೇ. ಉಳಿದ 27 ಸಾವಿರ ಚಿಲ್ಲರೆ ಮುಂದೆ ಬರಲಿರುವ ದೊಡ್ಡ ನಷ್ಟದ ಸಾಲವಾಗಿತ್ತು.

ಆ ಮಂಗಳವಾರವನ್ನೂ ಸೇರಿಸಿ, ಕೊನೆಯ ಹುಚ್ಚು ಟ್ರೇಡನ್ನೂ ಸೇರಿಸಿ ಒಂದೇ ಲಾಟ್‌ಗೆ ಲೆಕ್ಕ ಹಾಕಿದರೆ ಒಟ್ಟು ನಷ್ಟ 8,700 ರೂಪಾಯಿ. ಅವನಿಗೆ ಆದದ್ದು 2,15,625. ಅದೇ ಮಾರ್ಕೆಟ್, ಅದೇ ನಿರ್ಧಾರಗಳು, ಅದೇ ಸಮಯ. ಬೇರೆ ಇದ್ದದ್ದು ಕ್ವಾಂಟಿಟಿ ಮಾತ್ರ.

ನಿಮ್ಮ ಶೀಟ್‌ನಲ್ಲಿ ಒಂದು ಲಾಟ್‌ನ ಮೊತ್ತ ಸೊನ್ನೆಯ ಆಸುಪಾಸು ಇದ್ದು ನಿಜವಾದ ನಷ್ಟ ಭಾರಿ ಇದ್ದರೆ ದೋಷ ಡಬಲ್ ಮಾಡಿದ್ದರದ್ದು. ಒಂದು ಲಾಟ್‌ನಲ್ಲೇ ದೊಡ್ಡ ನಷ್ಟ ಬಂದರೆ ಎಂಟ್ರಿಯಲ್ಲೋ ಸ್ಟಾಪ್‌ಲಾಸ್‌ನಲ್ಲೋ ತಪ್ಪಿದೆ, ಡಬಲ್ ಅದನ್ನು ಇನ್ನೂ ಬೆಳೆಸಿದೆ ಅಷ್ಟೇ.

24 ಸುತ್ತು ಹೇಗೆ ಗೆದ್ದ ಹಾಗಾದರೆ?

ಇದನ್ನು ಎಲ್ಲರೂ ಕೇಳುತ್ತಾರೆ. ಪ್ರತಿ ಟ್ರೇಡ್ ನಾಣ್ಯ ಚಿಮ್ಮಿದ ಹಾಗೆ, ಸೋಲು ಗೆಲುವು ಸರಿಸಮ ಎಂದಿಟ್ಟುಕೊಳ್ಳಿ. ಐದು ಸಲ ಸತತ ಸೋಲುವ ಸಾಧ್ಯತೆ 32ರಲ್ಲಿ ಒಂದು. ಹಾಗಿದ್ದರೆ 24 ಸುತ್ತು ಒಂದೂ ಕೆಡದೆ ದಾಟುವ ಸಾಧ್ಯತೆ ಸುಮಾರು 47%. ಅಂದರೆ ಏನೂ ಗೊತ್ತಿಲ್ಲದೆ ನಾಣ್ಯ ಚಿಮ್ಮಿ ಕಾಲ್, ಪುಟ್ ಕೊಂಡ 100 ಜನರಲ್ಲಿ 47 ಜನ ಅವನಷ್ಟೇ ದೂರ ಹೋಗುತ್ತಿದ್ದರು. 60 ಸುತ್ತಿಗೆ ಸುಮಾರು 15 ಜನ ಉಳಿಯುತ್ತಾರೆ. 100 ಸುತ್ತಿಗೆ ನಾಲ್ಕು ಜನ.

ಗಾಂಧಿ ಚೌಕದ ಚಹಾದಂಗಡಿಯಲ್ಲಿ ಮೊಬೈಲ್ ತೋರಿಸಿ "ನಂದು ಎರಡು ತಿಂಗಳಿಂದ ಒಂದೂ ಲಾಸ್ ಇಲ್ಲ" ಅನ್ನುವವನು ಸುಳ್ಳು ಹೇಳುತ್ತಿಲ್ಲ. ಅವನು ಇನ್ನೂ ಉಳಿದವರಲ್ಲಿ ಒಬ್ಬ. ಬಿದ್ದವರು ಅಲ್ಲಿ ಮಾತಾಡಲು ಕೂತಿರುವುದಿಲ್ಲ.

ನಾಣ್ಯದ ಲೆಕ್ಕ ಕೂಡ ಉದಾರವಾದದ್ದೇ. ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. ಮಾರ್ಕೆಟ್‌ನಲ್ಲಿ ಸೋಲುಗಳು ಗುಂಪಾಗಿ ಬರುತ್ತವೆ. ಒಂದೇ ಸಮನೆ ಇಳಿಯುವ ದಿನ ಪದೇ ಪದೇ ಕಾಲ್ ಕೊಂಡರೆ, ಮಾರ್ಕೆಟ್ ನಿಂತ ದಿನ ಪದೇ ಪದೇ ಏನೇ ಕೊಂಡರೂ, ಐದನೇ ಸೋಲು ಮೊದಲನೆಯದರ ಬೆನ್ನಿಗೇ ಬರುತ್ತದೆ. ಎಲ್ಲ ಸೋಲಿಗೂ ಕಾರಣ ಒಂದೇ ಆಗಿರುತ್ತದೆ. ಇನ್ನು ಸರಿಸಮ ಗೆಲ್ಲುತ್ತೇನೆ ಅನ್ನುವುದು ಕೂಡ ಸುಲಭದ ಮಾತಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಹೊರತಂದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಎಫ್ ಆಂಡ್ ಒ ಮಾಡಿದ ವ್ಯಕ್ತಿಗತ ಟ್ರೇಡರ್‌ಗಳಲ್ಲಿ 93% ಜನ ನಷ್ಟದಲ್ಲಿದ್ದರು.

ಡಬಲ್ ಮಾಡುವುದರಿಂದ ಗೆಲ್ಲುವ ಶಕ್ತಿ ಹೆಚ್ಚುವುದಿಲ್ಲ, ವ್ಯವಹಾರದ ಗಾತ್ರ ಹೆಚ್ಚುತ್ತದೆ. ಈ ಐದು ಮೆಟ್ಟಿಲ ಆಟದಲ್ಲಿ ಒಂದು ಸುತ್ತಿಗೆ ಸರಾಸರಿ ಐದು ಲಾಟ್ ಓಡುತ್ತದೆ. ಲಾಟ್‌ಗೆ ಒಂದು ಪಾಯಿಂಟ್ ಸ್ಲಿಪ್ಪೇಜ್ ಅಂದರೆ ಸುತ್ತಿಗೆ ಐದು ಪಾಯಿಂಟ್, 375 ರೂಪಾಯಿ, ಗೆದ್ದರೂ ಸೋತರೂ ಹೋಗುತ್ತಲೇ ಇರುತ್ತದೆ.

ದುರಸ್ತಿ ಅಂದುಕೊಂಡು ಮಾಡುವ ತಪ್ಪು

"ಕ್ಯಾಪಿಟಲ್ ಕಡಿಮಿ ಬಿತ್ತು, ಇನ್ನಷ್ಟ್ ಹಾಕ್ತೀನಿ" ಎಂಬುದು ಮೊದಲ ಯೋಚನೆ. ಎಮ್ಮೆ ಮಾರಿ, ಬಂಗಾರ ಅಡವಿಟ್ಟು ಹಾಕುವವರಿದ್ದಾರೆ. ದಯವಿಟ್ಟು ಈ ಲೆಕ್ಕ ನೋಡಿ. ಆರನೇ ಮೆಟ್ಟಿಲಿಗೆ ಸುಮಾರು 3.4 ಲಕ್ಷ ಬೇಕು. ಏಳನೆಯದಕ್ಕೆ 6.8 ಲಕ್ಷದ ಹತ್ತಿರ. ದುಡ್ಡು ಎರಡರಷ್ಟು ಮಾಡಿದರೆ ಸಿಗುವುದು ಒಂದೇ ಒಂದು ಹೆಚ್ಚಿನ ಮೆಟ್ಟಿಲು. ಆ ಮೆಟ್ಟಿಲಲ್ಲಿ ಏನಿದೆ? ಆರನೆಯದರಲ್ಲಿ 32 ಲಾಟ್ ಹಾಕಿ ಗೆದ್ದರೆ 608 ಪಾಯಿಂಟ್ ಬರುತ್ತದೆ, ಹಿಂದೆ ಹೋದದ್ದು 651. ಗೆದ್ದರೂ 3,225 ರೂಪಾಯಿ ನಷ್ಟ. ಸೋತರೆ ಒಟ್ಟು 99,225. ಹೊಸ ದುಡ್ಡು ಕೊಂಡುಕೊಂಡದ್ದು ಗೆದ್ದರೂ ಗೆಲ್ಲದ ಮೆಟ್ಟಿಲನ್ನು.

ಮೊದಲ ಲಾಟ್ ಚಿಕ್ಕದು ಮಾಡೋಣ ಅಂದರೆ ಇಂಡೆಕ್ಸ್ ಆಪ್ಷನ್ಸ್‌ನಲ್ಲಿ ಒಂದು ಲಾಟ್‌ಗಿಂತ ಚಿಕ್ಕದು ಇಲ್ಲ. ಎರಡರ ಬದಲು ಒಂದೂವರೆ ಪಟ್ಟು ಅಂದರೆ, 20ಕ್ಕೆ 20ರ ಆಟದಲ್ಲಿ ಎರಡು ಸಲ ಸೋತ ಮೇಲೆ ಮೂರನೆಯದರಲ್ಲಿ ಬರುವ ಗೆಲುವು ಹಿಂದಿನದನ್ನು ತುಂಬುವುದೇ ಇಲ್ಲ.

ಇನ್ನು ಎಂಟಿ5 ಎಂಬ ಟ್ರೇಡಿಂಗ್ ಸಾಫ್ಟ್‌ವೇರ್‌ನಲ್ಲಿ ಓಡುವ "ರೋಬೋಟ್" ಕೊಂಡವರಿಗೆ ಒಂದು ಮಾತು. ಇನ್‌ಪುಟ್ಸ್‌ನಲ್ಲಿ `Multiplier` ಅಥವಾ `LotExponent` ಥರದ ಹೆಸರು ಇದ್ದು ಮುಂದೆ 1ಕ್ಕಿಂತ ದೊಡ್ಡ ಸಂಖ್ಯೆ ಇದ್ದರೆ ಒಳಗಿರುವುದು ಬಹುಮಟ್ಟಿಗೆ ಇದೇ ಯಂತ್ರ. ಮುಚ್ಚಿದ ಟ್ರೇಡ್ ಮಾತ್ರ ಲೆಕ್ಕ ಹಾಕುವ `Balance` ಗೆರೆ ನೇರ ಮೇಲೇರುತ್ತಾ, ಇನ್ನೂ ತೆರೆದಿರುವವನ್ನೂ ಸೇರಿಸುವ `Equity` ಗೆರೆ ಆಗಾಗ ಆಳಕ್ಕೆ ಇಳಿದು ಬರುತ್ತಿದ್ದರೆ ಸಂಶಯವೇ ಬೇಡ. ಜೊತೆಗೆ ಆ ಫಾರೆಕ್ಸ್ ಆಪ್ ಆರ್‌ಬಿಐನ ಅಲರ್ಟ್ ಲಿಸ್ಟ್‌ನಲ್ಲಿದೆಯಾ ನೋಡಿ. ಅನುಮತಿಯಿಲ್ಲದ ವೇದಿಕೆಯಲ್ಲಿ ಫಾರೆಕ್ಸ್ ಟ್ರೇಡ್ ಮಾಡುವುದು ಫೆಮಾ ಕಾಯ್ದೆಗೆ ವಿರುದ್ಧ.

ನಿಜವಾದ ದುರಸ್ತಿ

ಸೋತ ಮೇಲೆ ಕ್ವಾಂಟಿಟಿ ಮುಟ್ಟಬಾರದು. ಗೆದ್ದರೂ ಒಂದು ಲಾಟ್, ಸೋತರೂ ಒಂದು ಲಾಟ್. ತಿಕೋಟಾದ ಹುಡುಗನಿಗೆ ಒಂದು ಲಾಟ್ ಸೋಲು ಅಂದರೆ 1,575 ರೂಪಾಯಿ, 3 ಲಕ್ಷದ ಅರ್ಧ ಪರ್ಸೆಂಟ್. ದಿನಕ್ಕೆ ಮೂರು ಸೋಲಾದರೆ ಟರ್ಮಿನಲ್ ಮುಚ್ಚುವುದು. ಮನಸ್ಸಿನ ಮೇಲೆ ಭರವಸೆ ಇಡಬೇಡಿ. ಹಲವು ಬ್ರೋಕರ್‌ಗಳ ಆಪ್‌ನಲ್ಲಿ ಕಿಲ್ ಸ್ವಿಚ್ ಇದೆ, ಅದನ್ನು ಹಾಕಿದರೆ ಆ ವಿಭಾಗದಲ್ಲಿ ಹೊಸ ಆರ್ಡರ್ ಹೋಗುವುದಿಲ್ಲ. ಸೋತ ದಿನ ಫಂಡ್ ಸೇರಿಸದಿರುವುದೂ ನಿಯಮದಲ್ಲಿ ಇರಲಿ. ಯುಪಿಐ ಇರುವ ಫೋನ್ ಮನೆಯಲ್ಲಿ ಬೇರೆಯವರ ಕೈಗೆ ಕೊಟ್ಟು ಕೂರುವವರೂ ಇದ್ದಾರೆ, ಅದು ಒಳ್ಳೆಯ ಉಪಾಯ.

ಒಂದು ತಿಂಗಳು ಕಳೆದ ಮೇಲೆ ಅದೇ ಶೀಟ್ ಮತ್ತೆ ಮಾಡಿ. D ಕಾಲಂ ಎಲ್ಲ 1 ಇದೆಯಾ ನೋಡಿ. ಒಂದೇ ಒಂದು 2 ಕಂಡರೂ ದುರಸ್ತಿ ಆಗಿಲ್ಲ ಎಂದು ತಿಳಿಯಿರಿ. ಎಲ್ಲ 1 ಇದ್ದು ಮೊತ್ತ ಮೈನಸ್ ಬಂದರೆ ಈಗ ನಿಜವಾದ ಸಿಸ್ಟಮ್ ಕಣ್ಣಿಗೆ ಬಿದ್ದಿದೆ ಎಂದರ್ಥ. ನೂರು ಟ್ರೇಡ್ ಆದರೂ ಒಂದು ಲಾಟ್‌ನಲ್ಲಿ ಲಾಭ ಬಾರದಿದ್ದರೆ ಆಪ್ಷನ್ಸ್ ಬಿಟ್ಟುಬಿಡಿ. ಯಾವ ಲಾಟ್ ಲೆಕ್ಕವೂ ಅದನ್ನು ಲಾಭಕ್ಕೆ ತರುವುದಿಲ್ಲ.

ನಷ್ಟ ಆಗಿದ್ದರೆ ಮುಚ್ಚಿಡಬೇಡಿ, ಗಡುವಿನೊಳಗೆ ರಿಟರ್ನ್ ತುಂಬಿ. ಎಫ್ ಆಂಡ್ ಒ ನಷ್ಟ ಸ್ಪೆಕ್ಯುಲೇಷನ್ ಅಲ್ಲದ ಬಿಸಿನೆಸ್ ನಷ್ಟ, ಐಟಿಆರ್-3ರಲ್ಲಿ ತೋರಿಸಬೇಕು. ಅದೇ ವರ್ಷ ಸಂಬಳ ಬಿಟ್ಟು ಉಳಿದ ಆದಾಯದ ಎದುರು ಹೊಂದಿಸಬಹುದು. ಉಳಿದದ್ದನ್ನು ಮುಂದಿನ 8 ವರ್ಷಗಳ ಬಿಸಿನೆಸ್ ಲಾಭದ ಎದುರು ಒಯ್ಯಬಹುದು. ಗಡುವು ತಪ್ಪಿದರೆ ಮುಂದಕ್ಕೆ ಒಯ್ಯುವ ಹಕ್ಕು ಹೋಗುತ್ತದೆ. ಸ್ವಂತ ತೋಟದ ದ್ರಾಕ್ಷಿಯ ಕೃಷಿ ಆದಾಯಕ್ಕೆ ಹೇಗೂ ತೆರಿಗೆ ಇಲ್ಲ, ಅಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ. ಆದರೆ ಬೇರೆಯವರಿಂದ ಒಣದ್ರಾಕ್ಷಿ ಕೊಂಡು ಮಾರುವ ವ್ಯಾಪಾರ ಇದ್ದರೆ ಅದರ ಲಾಭದ ಎದುರು ಹೊಂದಿಸಿಕೊಳ್ಳಬಹುದು.